ನಿನ್ನೆಯ ಗೆರೆಗಳು, ಇವತ್ತಿನ ವಹಿವಾಟು

ಅಡಿಕೆ ಮೂಟೆ ತಂದ ರೈತ ಹರಾಜು ಶುರುವಾಗುವ ಮೊದಲೇ ಪಕ್ಕದವರನ್ನು ಒಂದು ಮಾತು ಕೇಳಿರುತ್ತಾನೆ: "ನಿನ್ನೆ ಎಷ್ಟಕ್ಕೆ ಹೋಯ್ತು?" ಅವನಿಗೆ ಬೇಕಾದದ್ದು ಎರಡೇ ಅಂಕಿ. ನಿನ್ನೆ ಸಿಕ್ಕ ಅತಿ ಹೆಚ್ಚಿನ ದರ ಎಷ್ಟು, ಅತಿ ಕಡಿಮೆ ದರ ಎಷ್ಟು. ಪತ್ರಿಕೆಗಳ ಪೇಟೆ ಧಾರಣೆಯಲ್ಲೂ ಕನಿಷ್ಠ, ಗರಿಷ್ಠ ಎಂಬ ಎರಡು ಸಾಲು ಅದಕ್ಕೇ ಇರುತ್ತವೆ. ಇವತ್ತಿನ ದರ ನಿನ್ನೆಯ ಗರಿಷ್ಠವನ್ನು ದಾಟಿತು ಎಂದು ಗೊತ್ತಾದರೆ ಮಾರಲು ಬಂದವನು ಕೈ ಹಿಡಿಯುತ್ತಾನೆ, ಕೊಳ್ಳಲು ಬಂದವನು ಅವಸರ ಮಾಡುತ್ತಾನೆ.

ಷೇರುಪೇಟೆಯಲ್ಲಿ ಬೆಳಗ್ಗೆ ಕೊಂಡು ಸಂಜೆಯೊಳಗೆ ಮಾರುವ, ಅಂದರೆ ಇಂಟ್ರಾಡೇ ಮಾಡುವ ಜನ ಕೇಳುವುದೂ ಇದೇ ಪ್ರಶ್ನೆ. ಅವರ ಮಾತಿನಲ್ಲಿ ನಿನ್ನೆಯ ಗರಿಷ್ಠ 'ಹೈ', ಕನಿಷ್ಠ 'ಲೋ', ದಿನದ ಕೊನೆಯ ದರ 'ಕ್ಲೋಸ್'. ಈ ಮೂರನ್ನು ಸೇರಿಸಿ ಲೆಕ್ಕ ಹಾಕಿ ಎಳೆಯುವ ಗೆರೆಗಳಿಗೆ 'ಪಿವಟ್ ಪಾಯಿಂಟ್' ಎಂದು ಹೆಸರು. ಈಗ ಮೊಬೈಲಿನ ಪ್ರತಿ ಚಾರ್ಟ್ ಆ್ಯಪ್‌ನಲ್ಲೂ ಒಂದು ಗುಂಡಿ ಒತ್ತಿದರೆ ಏಳು ಗೆರೆ ಮೂಡುತ್ತವೆ. ಗೆರೆಗಳು ಸುಲಭವಾಗಿ ಸಿಗುತ್ತವೆ, ಆದರೆ ಅವು ಎಲ್ಲಿಂದ ಬಂದವು, ಯಾವ ದಿನ ಕೆಲಸಕ್ಕೆ ಬಾರವು ಎಂಬುದನ್ನು ಗುಂಡಿ ಹೇಳುವುದಿಲ್ಲ. ಈ ಗೆರೆಗಳನ್ನು ಕಾಗದದ ಮೇಲೆ ಎಳೆಯುತ್ತ ಹಲವು ವರ್ಷ ಕಳೆದ ಮೇಲೆ ನನಗೆ ಒಂದು ಖಚಿತ ಅಭಿಪ್ರಾಯ ಬಂದಿದೆ. ನಿನ್ನೆಯ ಹೈ ಮತ್ತು ಲೋ ನಿಜವಾದ ಜನರು ದುಡ್ಡು ಕೊಟ್ಟು ಬಿಟ್ಟುಹೋದ ಗುರುತುಗಳು. ಪಿವಟ್ ಒಂದು ಗಣಿತ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಒಂದು ಷೇರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ನಾನೇ ಇಟ್ಟಿದ್ದೇನೆ. ನಿನ್ನೆ ಅದರ ಹೈ 820 ರೂಪಾಯಿ, ಲೋ 800, ಕ್ಲೋಸ್ 816.

ಮೊದಲು 820 ಎಂಬ ಜಾಗವನ್ನು ನೋಡಿ. ನಿನ್ನೆ ಅಲ್ಲಿ ಕೊಂಡವರು ಇದ್ದಾರೆ. ದಿನ ಮುಗಿಯುವಾಗ ದರ 816ಕ್ಕೆ ಇಳಿದಿದ್ದರಿಂದ ಅವರೆಲ್ಲ ರಾತ್ರಿ ನಷ್ಟದಲ್ಲಿ ಮಲಗಿದವರು. ಇವತ್ತು ದರ ಮತ್ತೆ 820ರ ಹತ್ತಿರ ಬಂದರೆ ಅವರಲ್ಲಿ ಹಲವರು ಅಸಲು ಸಿಕ್ಕಿದರೆ ಸಾಕೆಂದು ಮಾರುತ್ತಾರೆ. ಹಾಗಾಗಿ 820ಕ್ಕೆ ಸ್ವಲ್ಪ ಕೆಳಗೆ ಮಾರುವವರ ಸಾಲು ನಿಂತಿರುತ್ತದೆ. ಗೆರೆಯ ಮೇಲೆ, 820.50 ಅಥವಾ 821ರಲ್ಲಿ, ಪರಿಸ್ಥಿತಿ ಉಲ್ಟಾ. ಫ್ಯೂಚರ್ಸ್‌ನಲ್ಲಿ ನಿನ್ನೆಯೇ ಮಾರಿ ದರ ಇಳಿಯಲಿ ಎಂದು ಕಾದವರು, ಲೆಕ್ಕ ತಪ್ಪಿದರೆ ಹೊರಬರಲು ತಮ್ಮ ಸ್ಟಾಪ್‌ಲಾಸ್ ಅನ್ನು ಅಲ್ಲೇ ಇಟ್ಟಿರುತ್ತಾರೆ. ಮಾರಿದವನ ಸ್ಟಾಪ್‌ಲಾಸ್ ಎಂದರೆ ಅದು ಕೊಳ್ಳುವ ಆರ್ಡರ್. ನಿನ್ನೆಯ ಹೈ ದಾಟಿದರೆ ಕೊಳ್ಳುತ್ತೇನೆ ಎಂದು ಕಾಯುವವರ ಆರ್ಡರ್‌ಗಳೂ ಅಲ್ಲೇ ಇರುತ್ತವೆ. ಗೆರೆಯ ಕೆಳಗೆ ಮಾರುವವರು, ಮೇಲೆ ಕೊಳ್ಳುವವರು: ನಿನ್ನೆಯ ಹೈ ಹತ್ತಿರ ದರ ತಡವರಿಸುವುದಕ್ಕೂ, ದಾಟಿದ ಕೂಡಲೇ ಜಿಗಿಯುವುದಕ್ಕೂ ಕಾರಣ ಇದೇ. ಲೋ ಹತ್ತಿರ ಇದೇ ಕತೆ ತಲೆಕೆಳಗಾಗಿ ನಡೆಯುತ್ತದೆ.

ಇಲ್ಲಿಯೇ ಹೊಸಬರು ಹೆಚ್ಚು ಏಟು ತಿನ್ನುವುದು. ಲಕ್ಷಗಟ್ಟಲೆ ಷೇರು ಮಾರಬೇಕಾದ ದೊಡ್ಡ ಆಸಾಮಿಯೊಬ್ಬ ಇದ್ದಾನೆ ಎಂದುಕೊಳ್ಳಿ. ಅವನಿಗೆ ಅಷ್ಟೇ ದೊಡ್ಡ ಸಂಖ್ಯೆಯಲ್ಲಿ ಕೊಳ್ಳುವವರು ಬೇಕು. ಅಷ್ಟು ಜನ ಒಟ್ಟಿಗೆ ಸಿಗುವ ಜಾಗ ಯಾವುದು? 820ರ ಮೇಲೆ. ದರ 821 ಮುಟ್ಟಿದಾಗ ಕೊಳ್ಳುವ ಆರ್ಡರ್‌ಗಳೆಲ್ಲ ಒಮ್ಮೆಗೇ ಹೊತ್ತಿಕೊಳ್ಳುತ್ತವೆ, ಅವನು ಅವರಿಗೆಲ್ಲ ಮಾರಿ ಮುಗಿಸುತ್ತಾನೆ. ಆಮೇಲೆ ಕೊಳ್ಳುವವರು ಉಳಿಯುವುದಿಲ್ಲ. ದರ ನಿಧಾನವಾಗಿ 820ರ ಕೆಳಗೆ ಜಾರುತ್ತದೆ. ಈಗಷ್ಟೇ 821ರಲ್ಲಿ ಕೊಂಡವರು ಸಿಕ್ಕಿಬೀಳುತ್ತಾರೆ, 818ರ ಸುತ್ತ ಅವರಿಟ್ಟ ಸ್ಟಾಪ್‌ಲಾಸ್‌ಗಳು ಮಾರುವ ಆರ್ಡರ್‌ಗಳಾಗಿ ದರವನ್ನು ಇನ್ನಷ್ಟು ಕೆಳಗೆ ತಳ್ಳುತ್ತವೆ. ಇದನ್ನು ಸುಳ್ಳು ಬ್ರೇಕ್‌ಔಟ್ ಎನ್ನುತ್ತಾರೆ. ಇದಕ್ಕೆ ಯಾರ ಪಿತೂರಿಯೂ ಬೇಕಿಲ್ಲ. ಎಲ್ಲರೂ ನೋಡುವ ಗೆರೆಯ ಆಚೆ ಎಲ್ಲರೂ ಆರ್ಡರ್ ಇಟ್ಟರೆ ಹೀಗಾಗುವುದು ಸಹಜ.

ನಿಜವಾದ ದಾಟುವಿಕೆಯನ್ನು ಸುಳ್ಳಿನಿಂದ ಬೇರ್ಪಡಿಸುವ ಖಚಿತ ಸೂತ್ರ ಯಾರ ಬಳಿಯೂ ಇಲ್ಲ. ಆದರೆ ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, ದರ ಗೆರೆಯಾಚೆ ಎಷ್ಟು ಹೊತ್ತು ನಿಂತಿತು ಎಂಬುದು. 821 ಮುಟ್ಟಿ ಎರಡೇ ನಿಮಿಷದಲ್ಲಿ ಒಳಗೆ ಬಂದರೆ ಅದು ಬರೀ ಇಣುಕಿ ನೋಡಿದ್ದು. ಐದು ನಿಮಿಷದ ಕ್ಯಾಂಡಲ್ ಒಂದಾದರೂ ಗೆರೆಯ ಮೇಲೆ ಮುಗಿಯಬೇಕು ಎಂಬ ರೂಢಿ ಬಂದದ್ದು ಈ ಕಾರಣಕ್ಕೆ. ಇನ್ನೊಂದು, ದರ ಮರಳಿ ಗೆರೆಗೆ ಬಂದಾಗ ಏನಾಗುತ್ತದೆ ಎಂಬುದು. 820ರಲ್ಲಿ ಅಸಲಿಗಾಗಿ ಕಾಯುತ್ತಿದ್ದವರೆಲ್ಲ ಮಾರಿ ಹೋಗಿದ್ದರೆ ಆ ಜಾಗದಲ್ಲಿ ಒತ್ತಡ ಉಳಿದಿರುವುದಿಲ್ಲ. ದರ 824ಕ್ಕೆ ಹೋಗಿ 820.50ಕ್ಕೆ ಬಂದು ಅಲ್ಲಿಂದ ಮತ್ತೆ ಎದ್ದರೆ ಗೆರೆಯ ಸ್ವಭಾವ ಬದಲಾಗಿದೆ ಎಂದು ಅರ್ಥ. ಅವಸರದವರಿಗೆ ಈ ಎರಡನೆಯ ಭೇಟಿಗೆ ಕಾಯುವ ತಾಳ್ಮೆ ಇರುವುದಿಲ್ಲ. ಕಾದವರಿಗೆ ಕೆಲವು ಸಲ ರೈಲು ತಪ್ಪುತ್ತದೆ, ಅದೂ ನಿಜ.

ಇನ್ನು ಪಿವಟ್‌ಗೆ ಬರೋಣ. ಅಮೆರಿಕದ ಶಿಕಾಗೋದಲ್ಲಿ ಧಾನ್ಯ, ದನ, ಬಾಂಡ್‌ಗಳ ಫ್ಯೂಚರ್ಸ್ ವಹಿವಾಟು ದಶಕಗಳ ಕಾಲ 'ಪಿಟ್' ಎಂಬ ತಗ್ಗಿನ ಅಂಗಳದಲ್ಲಿ ನಡೆಯುತ್ತಿತ್ತು. ನೂರಾರು ಜನ ಬಣ್ಣದ ಕೋಟು ತೊಟ್ಟು, ಕೂಗುತ್ತ, ಕೈಸನ್ನೆಯಲ್ಲಿ ಕೊಂಡು ಮಾರುತ್ತಿದ್ದರು. ಆ ಗದ್ದಲದಲ್ಲಿ ಚಾರ್ಟ್ ನೋಡುತ್ತ ನಿಲ್ಲುವ ಅವಕಾಶವಿರಲಿಲ್ಲ. ಬೆಳಗ್ಗೆ ಮನೆಯಿಂದ ಹೊರಡುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕಾರು ಅಂಕಿ ಬರೆದು ಕಿಸೆಗೆ ಹಾಕಿಕೊಂಡರೆ ದಿನ ಕಳೆಯಬೇಕಿತ್ತು. ಕೂಡಿಸುವುದು, ಭಾಗಿಸುವುದು ಇಷ್ಟೇ ಗೊತ್ತಿದ್ದರೆ ಸಾಕಾಗುವ ಲೆಕ್ಕವೊಂದು ಬೇಕಿತ್ತು. ಹಾಗೆ ಬಳಕೆಗೆ ಬಂದದ್ದು ಈ ಪಿವಟ್. ಶಿಕಾಗೋದ ಬಹುಪಾಲು ಫ್ಯೂಚರ್ಸ್ ಪಿಟ್‌ಗಳು 2015ರ ಜುಲೈನಲ್ಲಿ ಬಾಗಿಲು ಹಾಕಿದವು. ನಮ್ಮ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಂತೂ 1994ರಲ್ಲಿ ಶುರುವಾದಾಗಲೇ ಕಂಪ್ಯೂಟರ್ ಪರದೆಯ ಮೇಲೆ ಶುರುವಾಯಿತು. ಆದರೂ ಚೀಟಿಯ ಲೆಕ್ಕ ಪರದೆಯೊಳಗೆ ಬಂದು ಕೂತಿದೆ. ಅದು ಹೀಗಿದೆ:

```
P  = (H + L + C) / 3
R1 = 2P - L          S1 = 2P - H
R2 = P + (H - L)     S2 = P - (H - L)
R3 = H + 2(P - L)    S3 = L - 2(H - P)
```

`H` ನಿನ್ನೆಯ ಹೈ, `L` ಲೋ, `C` ಕ್ಲೋಸ್. `R` ಎಂದರೆ ದರ ಮೇಲೆ ಹೋಗುವಾಗ ತಡೆಯಾಗಬಹುದಾದ ಜಾಗ, `S` ಎಂದರೆ ಇಳಿಯುವಾಗ ಆಸರೆಯಾಗಬಹುದಾದ ಜಾಗ. ನಮ್ಮ ಷೇರಿಗೆ ಲೆಕ್ಕ ಹಾಕಿದರೆ 820, 800, 816 ಮೂರನ್ನೂ ಕೂಡಿ 2,436, ಮೂರರಿಂದ ಭಾಗಿಸಿದರೆ ಪಿವಟ್ 812. ಅಲ್ಲಿಂದ R1 ಬರುವುದು 824, S1 804, R2 832, S2 792.

ಈ ಸೂತ್ರವನ್ನು ಬಳಸುವ ಬಹಳ ಜನ ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡುವುದಿಲ್ಲ. ನಿನ್ನೆಯ ಹೈ ಮತ್ತು ಲೋಗಳ ನಟ್ಟನಡುವಿನ ದರ 810. ಕ್ಲೋಸ್ ಆದದ್ದು 816, ಅಂದರೆ ನಡುವಿನಿಂದ ಆರು ರೂಪಾಯಿ ಮೇಲೆ. ಆ ಆರರಲ್ಲಿ ಮೂರನೇ ಒಂದು ಭಾಗ ಎರಡು. 810ಕ್ಕೆ ಎರಡು ಕೂಡಿಸಿದರೆ 812. ಪಿವಟ್ ಎಂದರೆ ಇಷ್ಟೇ: ನಿನ್ನೆಯ ನಡುಗೆರೆಯನ್ನು ದರ ಮುಗಿದ ದಿಕ್ಕಿಗೆ ಸ್ವಲ್ಪ ಸರಿಸಿದ್ದು. R1 ಮತ್ತು S1 ಕೂಡ ಹಾಗೆಯೇ. ನಿನ್ನೆಯ ಹೈ 820ಕ್ಕೆ ನಾಲ್ಕು ಸೇರಿಸಿದರೆ R1, ಲೋ 800ಕ್ಕೆ ಅದೇ ನಾಲ್ಕು ಸೇರಿಸಿದರೆ S1. ನಿನ್ನೆ ದರ ಸರಿಯಾಗಿ 810ರಲ್ಲಿ ಮುಗಿದಿದ್ದರೆ R1 ಎಂಬುದು ನಿನ್ನೆಯ ಹೈ ಆಗಿಯೇ, S1 ಎಂಬುದು ನಿನ್ನೆಯ ಲೋ ಆಗಿಯೇ ಬರುತ್ತಿತ್ತು. ಲೆಕ್ಕ ಹಾಕಿ ನೋಡಿ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪಿವಟ್ ಸೂತ್ರ ನಿನ್ನೆಯ ಹೈ, ಲೋ, ಕ್ಲೋಸ್ ಬಿಟ್ಟು ಬೇರೇನನ್ನೂ ತಿಳಿದಿಲ್ಲ. ಚಾರ್ಟ್‌ನಲ್ಲಿ ಏಳು ಗೆರೆ ಕಂಡರೆ ಏಳು ಸಾಕ್ಷಿಗಳು ಸಿಕ್ಕಂತಲ್ಲ, ಮೂರೇ ಅಂಕಿಗಳು ಏಳು ಸಲ ಮಾತಾಡಿದಂತೆ. "ಹೈ ಕೂಡ ಇಲ್ಲೇ ಇದೆ, R1 ಕೂಡ ಇಲ್ಲೇ ಇದೆ, ಎರಡೂ ಹೊಂದಿಕೆಯಾಗಿವೆ, ಹಾಗಾಗಿ ಇದು ಗಟ್ಟಿ ಜಾಗ" ಎಂದು ಹೇಳುವವರನ್ನು ಕೇಳಿದ್ದೇನೆ. ನಿನ್ನೆ ದರ ನಡುವಿನಲ್ಲಿ ಮುಗಿದ ದಿನಗಳಲ್ಲೆಲ್ಲ ಅವೆರಡೂ ಹೊಂದಿಕೆಯಾಗಲೇಬೇಕು. ಅದರಲ್ಲಿ ಹೊಸ ಬಲವೇನೂ ಇಲ್ಲ. ಇನ್ನು R2, R3 ಗೆರೆಗಳ ಬಳಿ ನಿನ್ನೆ ಒಬ್ಬರೂ ವಹಿವಾಟು ಮಾಡಿರಲಿಲ್ಲ. ಅಲ್ಲಿ ದರ ನಿಂತರೆ, ಅದೇ ಗೆರೆಯನ್ನು ಬಹಳ ಜನ ನೋಡುತ್ತಿದ್ದಾರೆ ಎಂಬುದಷ್ಟೇ ಅದಕ್ಕೆ ಕಾರಣವಾಗಬಲ್ಲದು.

ಹಾಗಿದ್ದರೆ ಪಿವಟ್‌ನಿಂದ ಉಪಯೋಗವೇ ಇಲ್ಲವೇ? ಇದೆ. ನನ್ನ ಮಟ್ಟಿಗೆ ಅದರ ಒಳ್ಳೆಯ ಬಳಕೆ ಒಂದೇ: ನಡುವಿನ ಗೆರೆಯಾಗಿ. ದರ 812ರ ಮೇಲೆ ಇದ್ದರೆ ನಿನ್ನೆಯ ಸರಾಸರಿಗಿಂತ ಹೆಚ್ಚು ಕೊಡಲು ಜನ ಇಂದು ಒಪ್ಪುತ್ತಿದ್ದಾರೆ, ಕೆಳಗಿದ್ದರೆ ಒಪ್ಪುತ್ತಿಲ್ಲ. ಜೊತೆಗೆ ನಿನ್ನೆಯ ಹೈನಲ್ಲಿ ಸೋತು ಹಿಂದಿರುಗುವ ದರಕ್ಕೆ ಮೊದಲ ತಂಗುದಾಣವೊಂದನ್ನು ಅದು ಕೊಡುತ್ತದೆ.

ಗೆರೆಗಳು ಯಾವಾಗ ಕೈಕೊಡುತ್ತವೆ ಎಂಬುದಕ್ಕೆ 2024ರ ಜೂನ್ ಮೊದಲ ವಾರಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಜೂನ್ 1ರ ಶನಿವಾರ ಸಂಜೆ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಬಂದವು. ಸೋಮವಾರ, ಜೂನ್ 3ರಂದು, ನಿಫ್ಟಿ ಶುಕ್ರವಾರದ ಕ್ಲೋಸ್‌ಗಿಂತ 800 ಅಂಶಗಳಷ್ಟು ಮೇಲೆ ತೆರೆದುಕೊಂಡಿತು. ಆ ದಿನದ ಹೈ 23,338.70, ಲೋ 23,062.30, ಕ್ಲೋಸ್ 23,263.90. ಫಲಿತಾಂಶ ಮರುದಿನ.

ಸೋಮವಾರ ಸಂಜೆ ಚೀಟಿ ಬರೆದವರಿಗೆ ಸಿಕ್ಕ ಅಂಕಿಗಳು ಹೀಗಿದ್ದವು: ಪಿವಟ್ 23,222, S1 23,105, S2 22,945, S3 22,828. ದಶಾಂಶ ಬಿಟ್ಟಿದ್ದೇನೆ. ಮಂಗಳವಾರ ನಿಫ್ಟಿ ತೆರೆದದ್ದು 23,179.50ಕ್ಕೆ, ಪಿವಟ್‌ಗಿಂತ ಕೆಳಗೆ. ಆ ದಿನದ ಹೈ ಕೂಡ ಅದೇ 23,179.50. ತೆರೆದ ದರವನ್ನು ಮತ್ತೆ ದಾಟಲೇ ಇಲ್ಲ. ಸೋಮವಾರದ ಲೋ ಮುರಿಯಿತು, S2 ಮುರಿಯಿತು, S3 ಮುರಿಯಿತು. ದಿನದ ಲೋ 21,281.45. ಕೊನೆಯ ಆಸರೆ ಎನಿಸಿದ S3ಗಿಂತ 1,546 ಅಂಶ ಕೆಳಗೆ! ಕ್ಲೋಸ್ 21,884.50, ಹಿಂದಿನ ದಿನಕ್ಕಿಂತ ಶೇ 5.93ರಷ್ಟು ಇಳಿಕೆ. ಗೆರೆ ಬಂದಾಗಲೆಲ್ಲ ಆಸರೆ ಸಿಕ್ಕಿತೆಂದು ಕೊಂಡವರ ಗತಿ ಏನಾಗಿರಬಹುದು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸೂತ್ರ ಯಾಕೆ ಅಷ್ಟು ಚಿಕ್ಕ ಹೆಜ್ಜೆಗಳನ್ನು ಕೊಟ್ಟಿತು? ಸೋಮವಾರದ ಹೈ ಮತ್ತು ಲೋಗಳ ಅಂತರ 276 ಅಂಶ ಮಾತ್ರ. ಆದರೆ ಆ ದಿನ ಪೇಟೆ ನಿಜವಾಗಿ ಚಲಿಸಿದ್ದು 700 ಅಂಶಕ್ಕೂ ಹೆಚ್ಚು. ಅದರಲ್ಲಿ ಬಹುಪಾಲು ನಡೆದದ್ದು ಬಾಗಿಲು ತೆರೆಯುವ ಮೊದಲು, ಗ್ಯಾಪ್‌ನಲ್ಲಿ. ಸೂತ್ರದ ಕಣ್ಣಿಗೆ ಗ್ಯಾಪ್ ಬೀಳುವುದಿಲ್ಲ. ಬಾಗಿಲು ತೆರೆದ ಮೇಲೆ ನಡೆದದ್ದನ್ನಷ್ಟೇ ಅದು ಅಳೆಯುತ್ತದೆ. ದೊಡ್ಡ ಗ್ಯಾಪ್ ಕಂಡ ದಿನದ ಮರುದಿನ ಪಿವಟ್ ಗೆರೆಗಳು ಪೇಟೆಯ ನಿಜವಾದ ಉದ್ವೇಗಕ್ಕಿಂತ ಬಹಳ ಹತ್ತಿರ ಹತ್ತಿರ ಬಂದು ಕೂರುತ್ತವೆ. ಬಜೆಟ್, ರಿಸರ್ವ್ ಬ್ಯಾಂಕಿನ ಬಡ್ಡಿ ನಿರ್ಧಾರ, ಕಂಪನಿಯ ತ್ರೈಮಾಸಿಕ ಫಲಿತಾಂಶ ಇರುವ ದಿನಗಳಲ್ಲೂ ಇದನ್ನು ನೆನಪಿಡಬೇಕು.

ಮರುದಿನ, ಜೂನ್ 5, ಇದರ ಉಲ್ಟಾ ಪಾಠ. ಮಂಗಳವಾರದ ಅಂತರ 1,898 ಅಂಶ. ಅದರಿಂದ ಬಂದ ಪಿವಟ್ 22,115, R1 22,949, S1 21,051. ಬುಧವಾರ ನಿಫ್ಟಿ ಪಿವಟ್‌ನ ಹತ್ತಿರವೇ ತೆರೆದು, 21,790ರ ಸುತ್ತ ಇಳಿದು, 22,670ರ ಸುತ್ತ ಏರಿ, 22,620.35ಕ್ಕೆ ಮುಗಿಯಿತು. ಸುಮಾರು 880 ಅಂಶ ಓಡಾಡಿದರೂ R1 ಮುಟ್ಟಲಿಲ್ಲ, S1 ಮುಟ್ಟಲಿಲ್ಲ. ಹಿಂದಿನ ದಿನ ಹೆಜ್ಜೆಗೊಂದು ಗೆರೆಯಿದ್ದು ಒಂದೂ ನಿಲ್ಲಲಿಲ್ಲ, ಈ ದಿನ ದಾರಿಯುದ್ದಕ್ಕೂ ಪಿವಟ್ ಬಿಟ್ಟು ಗೆರೆಯೇ ಸಿಗಲಿಲ್ಲ. ನಿನ್ನೆಯ ಅಂತರ ಮಾಮೂಲಿಗಿಂತ ತೀರಾ ಚಿಕ್ಕದೋ ತೀರಾ ದೊಡ್ಡದೋ ಆಗಿದ್ದರೆ ಆ ದಿನ ಪಿವಟ್ ಗೆರೆಗಳನ್ನು ಅಳಿಸಿಬಿಡುವುದೇ ಮೇಲು ಎಂಬುದು ನನ್ನ ತೀರ್ಮಾನ. ಹಿಂದಿನ ಹತ್ತು ದಿನಗಳ ಹೈ-ಲೋ ಅಂತರದ ಸರಾಸರಿ ತೆಗೆದರೆ ಮಾಮೂಲಿ ಯಾವುದು ಎಂದು ತಿಳಿಯುತ್ತದೆ.

ಆದರೆ ಜೂನ್ 4ರ ಬೆಳಗ್ಗೆ ನಿನ್ನೆಯ ಲೋ ಒಂದು ನಿಜ ಹೇಳಿತ್ತು ಎಂಬುದನ್ನು ಮರೆಯಬಾರದು. ಪಿವಟ್‌ಗಿಂತ ಕೆಳಗೆ ತೆರೆದ ಪೇಟೆ 23,062ನ್ನು ಮುರಿದಾಗ, ಸೋಮವಾರ ಕೊಂಡ ಪ್ರತಿಯೊಬ್ಬನೂ ನಷ್ಟಕ್ಕೆ ಬಿದ್ದಿದ್ದ. ಆ ದಿನ ಅಲ್ಲಿ ಕೊಂಡ ಒಬ್ಬರಿಗೂ ಲಾಭದ ಬೆಲೆ ಉಳಿದಿರಲಿಲ್ಲ. ಅದು ಯಾವ ಸೂತ್ರದ ಊಹೆಯೂ ಅಲ್ಲ, ನೇರ ಲೆಕ್ಕ. ಗೆರೆಯನ್ನು ಆಸರೆ ಎಂದು ನಂಬಿದವರು ಸೋತರು. ಅದು ಮುರಿದದ್ದನ್ನು ಸುದ್ದಿ ಎಂದು ಓದಿದವರು ಹೊರಬಂದರು.

ಈಗ ನಮ್ಮ 820-800ರ ಷೇರಿನೊಂದಿಗೆ ಒಂದು ಸಾಮಾನ್ಯ ದಿನ ಕಳೆಯೋಣ. ಬೆಳಗ್ಗೆ 9ರಿಂದ ಪ್ರೀ-ಓಪನ್ ನಡೆಯುತ್ತದೆ. 9.08ರ ಸುಮಾರಿಗೆ ತೆರೆಯುವ ದರ ಗೊತ್ತಾಗುತ್ತದೆ, ವಹಿವಾಟು ಶುರುವಾಗುವುದು 9.15ಕ್ಕೆ. ಆ ಏಳು ನಿಮಿಷ ಬಹಳ ಅಮೂಲ್ಯ. ದರ ನಿನ್ನೆಯ ಹೈ-ಲೋಗಳ ಒಳಗೆ ತೆರೆಯುತ್ತದೋ ಹೊರಗೋ ಎಂದು ನೋಡಬೇಕು. ಹೊರಗೆ, 828ರಲ್ಲಿ ತೆರೆದರೆ ದಾಟುವ ಕತೆಯೇ ಮುಗಿದಿದೆ. ಆಗ ಉಳಿಯುವ ಪ್ರಶ್ನೆ 820ಕ್ಕೆ ಮರಳಿ ಬಂದಾಗ ನಿಲ್ಲುತ್ತದೆಯೇ ಎಂಬುದು. ಒಳಗೆ, 814ರಲ್ಲಿ ತೆರೆಯಿತು ಎಂದುಕೊಳ್ಳಿ. ಆಗ ಮೇಲೆ ಆರು ರೂಪಾಯಿ ದೂರದಲ್ಲಿ ಹೈ ಇದೆ, ಕೆಳಗೆ ಎರಡು ರೂಪಾಯಿ ದೂರದಲ್ಲಿ ಪಿವಟ್. ಮೊದಲ ಹದಿನೈದು ನಿಮಿಷ ರಾತ್ರಿಯಿಡೀ ಕೂಡಿಬಿದ್ದ ಆರ್ಡರ್‌ಗಳು ಖಾಲಿಯಾಗುವ ಹೊತ್ತು, ಆಗ ಏನನ್ನೂ ಮಾಡದೆ ಕೂರುವುದು ಒಳ್ಳೆಯದು.

ಹತ್ತು ಗಂಟೆಯ ಹೊತ್ತಿಗೆ ದರ 821.50 ಮುಟ್ಟಿ, ಐದು ನಿಮಿಷದ ಕ್ಯಾಂಡಲ್ 819ರಲ್ಲಿ ಮುಗಿಯುತ್ತದೆ. ಮೇಲೆ ಇಣುಕಿ ಒಳಗೆ ಬಂದಿದೆ. ನೀವು 818.50ಕ್ಕೆ 100 ಷೇರು ಮಾರುತ್ತೀರಿ. ಸ್ಟಾಪ್‌ಲಾಸ್ 822.30, ಇಣುಕಿದ ತುದಿಗಿಂತ ಸ್ವಲ್ಪ ಮೇಲೆ. ಗುರಿ 812.20, ಪಿವಟ್‌ಗಿಂತ ಒಂದಿಷ್ಟು ಮುಂಚೆ. ತಪ್ಪಿದರೆ ಹೋಗುವುದು 380 ರೂಪಾಯಿ, ಸರಿಯಾದರೆ ಬರುವುದು 630. ಕೇಳಲು ಚೆನ್ನಾಗಿದೆ. ಹತ್ತು ಸಲದಲ್ಲಿ ನಾಲ್ಕೇ ಸಲ ಸರಿಯಾದರೂ 2,520 ಬಂದು 2,280 ಹೋಗಿ 240 ರೂಪಾಯಿ ಉಳಿಯುತ್ತದೆ.

ಖರ್ಚು ಸೇರಿಸಿ ನೋಡಿ. ಒಂದು ಆರ್ಡರ್‌ಗೆ 20 ರೂಪಾಯಿ ಪಡೆಯುವ ಬ್ರೋಕರ್ ಆದರೆ ಕೊಳ್ಳಲು ಮಾರಲು ಸೇರಿ 40. ಮಾರಿದ ಮೊತ್ತದ ಮೇಲೆ ಶೇ 0.025ರಷ್ಟು ವಹಿವಾಟು ತೆರಿಗೆ ಸುಮಾರು 20. ವಿನಿಮಯ ಕೇಂದ್ರದ ಶುಲ್ಕ, ಸ್ಟಾಂಪ್ ಡ್ಯೂಟಿ, ಜಿಎಸ್‌ಟಿ ಎಲ್ಲ ಸೇರಿ ಇನ್ನೊಂದು 15. ಒಟ್ಟು 75ರ ಸುಮಾರು. ಈಗ ತಪ್ಪಿದರೆ ಹೋಗುವುದು 455, ಸರಿಯಾದರೆ ಬರುವುದು 555. ಅದೇ ಹತ್ತರಲ್ಲಿ ನಾಲ್ಕು ಸರಿ ಎಂದರೆ 2,220 ಬಂದು 2,730 ಹೋಗುತ್ತದೆ. 240 ರೂಪಾಯಿ ಲಾಭವಿದ್ದದ್ದು 510 ರೂಪಾಯಿ ನಷ್ಟವಾಯಿತು. ಗೆರೆ ಬದಲಾಗಲಿಲ್ಲ, ನಿಮ್ಮ ಓದು ಬದಲಾಗಲಿಲ್ಲ. ಲಾಭಕ್ಕೆ ಬರಲು ಹತ್ತರಲ್ಲಿ ಐದು ಸಲ ಸರಿಯಾಗಬೇಕು, ಆಗಲೂ ಉಳಿಯುವುದು 500 ರೂಪಾಯಿ. ದರ ಜಿಗಿದು ನಿಮ್ಮ ಸ್ಟಾಪ್‌ಲಾಸ್ 822.30ರ ಬದಲು 823ಕ್ಕೆ ಆದರೆ ಆ 500 ಕೂಡ ಕರಗುತ್ತ ಹೋಗುತ್ತದೆ.

ಗೆರೆಗಳ ನಡುವಿನ ಅಂತರ ಕಡಿಮೆ ಇದ್ದಷ್ಟೂ ಈ ಲೆಕ್ಕ ಕೆಡುತ್ತದೆ. R1ರಿಂದ ಹೈಗೆ ನಾಲ್ಕು ರೂಪಾಯಿ, ಹೈನಿಂದ ಪಿವಟ್‌ಗೆ ಎಂಟು ರೂಪಾಯಿ. ನಾಲ್ಕು ರೂಪಾಯಿಯ ಪಯಣಕ್ಕೆ 75 ಪೈಸೆ ಸುಂಕ ಕಟ್ಟುವುದು ಎಂದರೆ ಸುಮಾರು ಐದನೇ ಒಂದು ಭಾಗ ಬಾಗಿಲಲ್ಲೇ ಕೊಟ್ಟಂತೆ. ಅದಕ್ಕೇ ನಾನು ನಿನ್ನೆಯ ಹೈ, ಲೋ ಮತ್ತು ಪಿವಟ್ ಎಂಬ ಮೂರು ಗೆರೆಗಳಲ್ಲೇ ನಿಲ್ಲುತ್ತೇನೆ.

ಅಂಕಿಗಳನ್ನು ಎಲ್ಲಿಂದ ತೆಗೆಯುತ್ತೀರಿ ಎಂಬುದೂ ಮುಖ್ಯ. ನಮ್ಮಲ್ಲಿ ಷೇರಿನ ಅಧಿಕೃತ ಕ್ಲೋಸ್ ಎಂದರೆ ಬಹುಕಾಲದಿಂದ 3.30ರ ಕೊನೆಯ ವಹಿವಾಟಿನ ದರವಲ್ಲ, ಕೊನೆಯ ಅರ್ಧ ಗಂಟೆಯ ವಹಿವಾಟುಗಳ ತೂಕದ ಸರಾಸರಿ. ಆ ಷೇರು ಕೊನೆಯ ಕ್ಷಣದಲ್ಲಿ 819ಕ್ಕೆ ಹೋಗಿದ್ದೂ ಅಧಿಕೃತ ಕ್ಲೋಸ್ 816 ಆಗಿರಬಹುದು. ಒಂದು ಆ್ಯಪ್ 819 ಹಿಡಿದು ಪಿವಟ್ 813, R1 826 ಎನ್ನುತ್ತದೆ, ಇನ್ನೊಂದು 812, 824 ಎನ್ನುತ್ತದೆ. ಇಬ್ಬರು ಗೆಳೆಯರು ಒಂದೇ ಷೇರಿಗೆ ಬೇರೆ ಬೇರೆ ಗೆರೆ ಇಟ್ಟುಕೊಂಡು ವಾದಿಸುವುದು ಇದರಿಂದಲೇ. ನಿನ್ನೆಯ ಹೈ ಮತ್ತು ಲೋಗಳಿಗೆ ಈ ತೊಂದರೆಯಿಲ್ಲ. ಅವು ಎಲ್ಲರಿಗೂ ಒಂದೇ.

ಬೋನಸ್ ಅಥವಾ ಷೇರು ವಿಭಜನೆಯ ದಿನ ಮಾತ್ರ ಎಚ್ಚರ ಬೇಕು. ಒಂದಕ್ಕೆ ಒಂದು ಬೋನಸ್ ಆದರೆ 820ರ ಹೈ ಬೆಳಗಾಗುವಷ್ಟರಲ್ಲಿ 410 ಆಗಿರುತ್ತದೆ, ಹಳೆಯ ಚೀಟಿ ಹರಿದುಹಾಕಬೇಕು. ಫ್ಯೂಚರ್ಸ್‌ನಲ್ಲಿ ವಹಿವಾಟು ಮಾಡುವವರು ಷೇರಿನ ಹೈ ಹಿಡಿಯಬೇಕೋ ಫ್ಯೂಚರ್ಸ್‌ನ ಹೈ ಹಿಡಿಯಬೇಕೋ ಎಂದು ಮೊದಲೇ ತೀರ್ಮಾನಿಸಬೇಕು. ಎರಡೂ ಕೆಲವು ರೂಪಾಯಿ ಬೇರೆ ಇರುತ್ತವೆ. ವಹಿವಾಟು ವಿರಳವಾದ ಷೇರುಗಳಲ್ಲಿ ಒಬ್ಬನೇ ಒಬ್ಬ ಅವಸರದಲ್ಲಿ ಕೊಂಡ ಹತ್ತು ಷೇರಿನ ದರವೇ ದಿನದ ಹೈ ಆಗಿಬಿಡಬಹುದು. ಅಂಥ ಹೈ ಹಿಂದೆ ಯಾರೂ ಸಿಕ್ಕಿಬಿದ್ದಿರುವುದಿಲ್ಲ, ಅಲ್ಲಿ ಗೆರೆಗೆ ಅರ್ಥವೂ ಇಲ್ಲ.

ನಗದು ವಿಭಾಗದಲ್ಲಿ ಇಂಟ್ರಾಡೇ ಮಾಡುವ ಬಿಡಿ ಹೂಡಿಕೆದಾರರ ಬಗ್ಗೆ ಸೆಬಿ 2024ರ ಜುಲೈನಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿತು. 2022-23ರಲ್ಲಿ ಅವರಲ್ಲಿ ಶೇ 71 ಮಂದಿ ನಷ್ಟ ಅನುಭವಿಸಿದ್ದರು. ಮೂವತ್ತು ವರ್ಷದೊಳಗಿನವರಲ್ಲಿ ಅದು ಶೇ 76. ವರ್ಷಕ್ಕೆ 500ಕ್ಕಿಂತ ಹೆಚ್ಚು ವಹಿವಾಟು ಮಾಡಿದವರಲ್ಲಿ ಶೇ 80. ಕೊನೆಯ ಅಂಕಿಯನ್ನು ಮೇಲಿನ 75 ರೂಪಾಯಿಯ ಲೆಕ್ಕದ ಪಕ್ಕದಲ್ಲಿಟ್ಟು ಓದಬೇಕೆಂದು ನನ್ನ ಕೋರಿಕೆ.

ಈ ಗೆರೆಗಳನ್ನು ಪ್ರಯತ್ನಿಸಬೇಕೆನಿಸಿದರೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದೇ ಷೇರು ಆರಿಸಿ, ಮೂವತ್ತು ದಿನ ಪ್ರತಿ ಸಂಜೆ ಹೈ, ಲೋ, ಕ್ಲೋಸ್ ಬರೆದು, ಮರುದಿನ ದರ ಆ ಗೆರೆಗಳ ಬಳಿ ಏನು ಮಾಡಿತು ಎಂದು ದಾಖಲಿಸಿ. ಎಲ್ಲಿ ಮಾರುತ್ತಿದ್ದಿರಿ, ಎಲ್ಲಿ ಹೊರಬರುತ್ತಿದ್ದಿರಿ ಎಂದು ಆಯಾ ಹೊತ್ತಿಗೇ ಬರೆಯಿರಿ, ಪ್ರತಿ ಸಲ ಖರ್ಚು ಕಳೆಯಿರಿ. ಮೂವತ್ತನೇ ದಿನ ಕೂಡಿ ನೋಡುವವರೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ.